ನೀಲಗಾರರ ಮನೆಗೆ ರೆಕಾರ್ಡರ್ ಹಿಡಿದು ಹೋಗುವವರಿಗೆ: ಪರಿಚಯ, ಜೊತೆಗೆಲಸ, ಸ್ನೇಹ ಮತ್ತು ದುಡ್ಡಿನ ಲೆಕ್ಕ

ಜನಪದ ಕಾವ್ಯ ಸಂಗ್ರಹಕ್ಕೆ ಹೋದವರು ಹಾಡುಗಾರರ ಜೊತೆ ಮನಸ್ತಾಪ ಮಾಡಿಕೊಂಡು ಬಂದಿದ್ದಾರೆ ಅಂದರೆ, ಬಹುಪಾಲು ಕಾರಣ ದುಡ್ಡೇ ಆಗಿರುತ್ತದೆ. ಕಡಿಮೆ ಕೊಟ್ಟರು ಅನ್ನುವುದಕ್ಕಿಂತ ಹೆಚ್ಚಾಗಿ, ಕೊಟ್ಟದ್ದು ಯಾವುದಕ್ಕೆ ಅಂತ ಎರಡೂ ಕಡೆಯವರಿಗೆ ಒಂದೇ ತಿಳಿವಳಿಕೆ ಇರುವುದಿಲ್ಲ. ಕೊಟ್ಟವರು ಕೂಲಿ ಅಂದುಕೊಂಡಿರುತ್ತಾರೆ, ಇಸಿದುಕೊಂಡವರು ಕಾಣಿಕೆ ಅಂದುಕೊಂಡಿರುತ್ತಾರೆ. ಇಲ್ಲಿ ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರನ್ನೇ ಉದಾಹರಣೆಗೆ ಇಟ್ಟುಕೊಂಡಿದ್ದೇವೆ. ಮಂಡ್ಯ, ಮೈಸೂರು, ಚಾಮರಾಜನಗರ ಜಿಲ್ಲೆಗಳಲ್ಲಿ ಎಂ.ಎ., ಪಿಎಚ್.ಡಿ. ವಿದ್ಯಾರ್ಥಿಗಳು, ಊರಿನ ಮೇಷ್ಟ್ರುಗಳು, ಆಸಕ್ತಿಯಿಂದ ಸ್ವಂತ ಖರ್ಚಿನಲ್ಲಿ ಧ್ವನಿಮುದ್ರಣ ಮಾಡುವವರು ಈಗಲೂ ಇವರ ಮನೆಗಳಿಗೆ ಹೋಗುತ್ತಲೇ ಇದ್ದಾರೆ.

ಮೊದಲು ಒಂದು ವಿಷಯ ತಿಳಿದಿರಬೇಕು. ನೀಲಗಾರರಿಗೆ ಹಾಡು ವೃತ್ತಿಯೂ ಹೌದು, ದೀಕ್ಷೆಯೂ ಹೌದು. ಹರಕೆ ಹೊತ್ತವರ ಮನೆಯಲ್ಲಿ ರಾತ್ರಿಯಿಡೀ ತಂಬೂರಿ ಹಿಡಿದು ಹಾಡಿದರೆ ಅಲ್ಲಿ ಸಿಗುವುದನ್ನು ಅವರು ಕೂಲಿ ಅನ್ನುವುದಿಲ್ಲ. ಭಿಕ್ಷೆ, ಕಾಣಿಕೆ, ವೀಳ್ಯ ಅಂತ ಒಂದೊಂದಕ್ಕೂ ಒಂದೊಂದು ಹೆಸರಿದೆ, ಒಂದೊಂದಕ್ಕೂ ಅದರದೇ ಕ್ರಮವಿದೆ. ನೀವು ತರುವ ದುಡ್ಡು ಈ ಯಾವುದರಲ್ಲೂ ಸೇರುವುದಿಲ್ಲ. ಅದಕ್ಕೊಂದು ಹೊಸ ಹೆಸರು ಇಡುವುದೇ ನಿಮ್ಮ ಮೊದಲ ಕೆಲಸ.

ಮೊದಲ ಎರಡು ಭೇಟಿ: ರೆಕಾರ್ಡರ್ ಬ್ಯಾಗಿನಲ್ಲೇ ಇರಲಿ

ಸಾಮಾನ್ಯವಾಗಿ ಯಾರೋ ಒಬ್ಬರು ಪರಿಚಯ ಮಾಡಿಸುತ್ತಾರೆ. ಶಾಲೆಯ ಮೇಷ್ಟ್ರು, ಪಂಚಾಯಿತಿ ಸದಸ್ಯರು, ಇಲ್ಲವೇ ಹಿಂದೆ ಅದೇ ಹಾಡುಗಾರರನ್ನು ಮಾತನಾಡಿಸಿದ್ದ ಇನ್ನೊಬ್ಬ ಸಂಶೋಧಕರು. ಅವರ ಜೊತೆಯಲ್ಲೇ ಹೋಗಿ, ಆದರೆ ದುಡ್ಡಿನ ಮಾತನ್ನು ಅವರ ಕೈಗೆ ಬಿಡಬೇಡಿ. 'ಐದು ಸಾವಿರ ಕೊಡಿಸ್ತೀನಿ ಬನ್ನಿ' ಅಂತ ಮಧ್ಯದವರು ಮೊದಲೇ ಹೇಳಿಬಿಟ್ಟಿರುವುದು, ಅದು ನಿಮಗೆ ಗೊತ್ತೇ ಇಲ್ಲದಿರುವುದು ಬಹಳ ಸಲ ನಡೆಯುತ್ತದೆ. ಹೀಗಾಗಿದೆ ಅಂತ ತಿಳಿಯುವುದು ಸುಲಭ: ಮೊದಲ ದಿನದ ಕೆಲಸ ಮುಗಿದು ದುಡ್ಡು ಕೊಟ್ಟಾಗ ಹಾಡುಗಾರರು ನಿಮ್ಮ ಮುಖ ನೋಡುವುದಿಲ್ಲ, ಪರಿಚಯ ಮಾಡಿಸಿದವರ ಮುಖ ನೋಡುತ್ತಾರೆ. ಇದು ಬೇಡವೆಂದರೆ ಮೊದಲ ಭೇಟಿಯಲ್ಲೇ, ಎಲ್ಲರ ಎದುರಿಗೇ, 'ಇದರ ಬಗ್ಗೆ ನಿಮಗೆ ಮೊದಲೇ ಯಾರಾದರೂ ಏನಾದರೂ ಹೇಳಿದ್ದಾರಾ ಯಜಮಾನ್ರೇ?' ಅಂತ ಕೇಳಿಬಿಡಿ.

ಯಾವಾಗ ಹೋಗುವುದು ಅನ್ನುವುದೂ ಮುಖ್ಯ. ಜನವರಿಯಲ್ಲಿ ಮಂಟೇಸ್ವಾಮಿಯ ಶಿಷ್ಯ ಸಿದ್ಧಪ್ಪಾಜಿಯ ಚಿಕ್ಕಲ್ಲೂರು ಜಾತ್ರೆ ಬರುತ್ತದೆ. ಆ ದಿನಗಳಲ್ಲಿ ಹಾಡುಗಾರರಿಗೆ ಪುರುಸೊತ್ತಿರುವುದಿಲ್ಲ, ಇರಲೂಬಾರದು. ಜಾತ್ರೆಗೆ ನೀವು ಹೋಗಿ, ದೂರದಲ್ಲಿ ಕೂತು ಕೇಳಿ, ನಮಸ್ಕಾರ ಹೇಳಿ ಬನ್ನಿ. ಕೆಲಸದ ಮಾತನ್ನು ಜಾತ್ರೆ ಮುಗಿದು ಹದಿನೈದು ದಿನ ಆದ ಮೇಲೆ ಎತ್ತಿ.

ಮೊದಲ ಭೇಟಿಯಲ್ಲಿ ನೀವು ಮೂರು ವಿಷಯ ಹೇಳಬೇಕು: ನೀವು ಯಾರು, ಹಾಡು ನಿಮಗೆ ಯಾಕೆ ಬೇಕು, ರೆಕಾರ್ಡ್ ಆದ ಮೇಲೆ ಅದು ಎಲ್ಲಿಗೆ ಹೋಗುತ್ತದೆ. ಮೂರನೆಯದನ್ನು ಹೆಚ್ಚಿನವರು ಹೇಳುವುದೇ ಇಲ್ಲ. 'ಕಾಲೇಜಿಗೆ' ಅಂದರೆ ಸಾಲದು. 'ನಾನು ಇದನ್ನು ಕೇಳಿ ಬರೆದುಕೊಳ್ಳುತ್ತೇನೆ, ನನ್ನ ಪ್ರಬಂಧದಲ್ಲಿ ಕೆಲವು ಸಾಲು ಬರುತ್ತವೆ, ಯೂಟ್ಯೂಬಿಗೆ ಹಾಕುವುದಿಲ್ಲ, ಮುಂದೆ ಪುಸ್ತಕ ಮಾಡುವ ಯೋಚನೆ ಬಂದರೆ ನಿಮ್ಮನ್ನು ಕೇಳಿಯೇ ಮಾಡುತ್ತೇನೆ' ಅಂತ ಬಿಡಿಸಿ ಹೇಳಿ. ಕೊಡಿಸಲು ಆಗದ್ದನ್ನು ಬಾಯಿತಪ್ಪಿಯೂ ಆಡಬೇಡಿ. ಜಾನಪದ ಅಕಾಡೆಮಿ ಪ್ರಶಸ್ತಿ, ವಯಸ್ಸಾದ ಕಲಾವಿದರಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಕೊಡುವ ಮಾಸಾಶನ, ಸರ್ಕಾರಿ ಕಾರ್ಯಕ್ರಮ, ಇವು ಯಾವುವೂ ನಿಮ್ಮ ಕೈಯಲ್ಲಿಲ್ಲ. 'ನೋಡೋಣ, ಪ್ರಯತ್ನ ಮಾಡ್ತೀನಿ' ಅಂತ ನೀವು ಅಂದ ಮಾತು ಆ ಮನೆಯಲ್ಲಿ ವರ್ಷಗಟ್ಟಲೆ ಉಳಿದಿರುತ್ತದೆ.

ದರ: ಹಾಡಿಗಲ್ಲ, ಹೊತ್ತಿಗೆ

ಎರಡನೇ ಭೇಟಿಯಲ್ಲಿ ದುಡ್ಡಿನ ಮಾತು. 'ಎಷ್ಟು ಕೊಡಲಿ?' ಅಂತ ಕೇಳಿದರೆ ಬರುವ ಉತ್ತರ ನೂರಕ್ಕೆ ತೊಂಬತ್ತು ಸಲ ಒಂದೇ: 'ನಿಮ್ಗ ತಿಳ್ದಷ್ಟ ಕೊಡಿ ಸ್ವಾಮಿ.' ಇದನ್ನು ಒಪ್ಪಿಗೆ ಅಂದುಕೊಂಡು ಎದ್ದು ಬರುವುದೇ ಎಲ್ಲ ತೊಂದರೆಯ ಬೇರು. ಇದು ಮರ್ಯಾದೆಯ ಮಾತು, ದರದ ಮಾತಲ್ಲ. ಕೇಳುವ ರೀತಿಯನ್ನೇ ಬದಲಿಸಿ. 'ಹರಕೆ ಮನೆಯವರು ಒಂದು ರಾತ್ರಿಗೆ ಮೇಳಕ್ಕೆ ಎಷ್ಟು ಕೊಡುತ್ತಾರೆ? ಅದರಲ್ಲಿ ಹಿಮ್ಮೇಳದವರಿಗೆ ಎಷ್ಟು ಹೋಗುತ್ತದೆ?' ಅಂತ ಕೇಳಿದರೆ ಸರಿಯಾದ ಅಂಕಿ ಬರುತ್ತದೆ. ಅದನ್ನು ಗಂಟೆಗಳಿಂದ ಭಾಗಿಸಿ. ಇನ್ನೊಂದು ತಾಳೆ ನೋಡುವ ಅಳತೆ ಇದೆ: ಆ ದಿನ ನಿಮ್ಮ ಜೊತೆ ಕೂತದ್ದರಿಂದ ಅವರು ಯಾವ ಕೂಲಿ ಬಿಟ್ಟರು? 2025-26ರಲ್ಲಿ ಕರ್ನಾಟಕದಲ್ಲಿ ನರೇಗಾ ದಿನಗೂಲಿಯೇ ₹370 ಇತ್ತು. ಕಾವ್ಯ ಬಲ್ಲವರಿಗೆ ಕೊಡುವುದು ಮಣ್ಣು ಹೊರುವ ಕೂಲಿಯ ಆಸುಪಾಸಿನಲ್ಲಿದ್ದರೆ ಲೆಕ್ಕ ಎಲ್ಲೋ ತಪ್ಪಿದೆ ಅಂತಲೇ ಅರ್ಥ.

ದರವನ್ನು ಯಾವಾಗಲೂ ಹೊತ್ತಿಗೆ ಕಟ್ಟಬೇಕು. ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಒಂದು ಬೈಠಕ್ಕು, ಅದಕ್ಕೆ ಇಷ್ಟು. ಹಾಡಿನ ಲೆಕ್ಕದಲ್ಲಿ, ಸಾಲಿನ ಲೆಕ್ಕದಲ್ಲಿ ಕಟ್ಟಿದರೆ ಕಾವ್ಯವೇ ಕೆಡುತ್ತದೆ. ಮಂಟೇಸ್ವಾಮಿ ಕಾವ್ಯದಲ್ಲಿ ಭಾಗಗಳನ್ನು ಸಾಲು ಅನ್ನುತ್ತಾರೆ: ಕಲ್ಯಾಣದ ಸಾಲು, ಸಿದ್ಧಪ್ಪಾಜಿ ಸಾಲು ಹೀಗೆ. 'ಒಂದು ಸಾಲಿಗೆ ಇಷ್ಟು' ಅಂದುಬಿಟ್ಟರೆ ಒಂದು ಸಾಲು ಎರಡಾಗುತ್ತದೆ, ಇಲ್ಲವೇ ಮೂರು ಗಂಟೆ ಹಾಡುವುದು ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ. ತಪ್ಪು ಹಾಡುಗಾರರದ್ದಲ್ಲ, ನೀವು ಕಟ್ಟಿದ ದರ ಅದನ್ನೇ ಕೇಳುತ್ತಿದೆ. ಹೊತ್ತಿನ ಲೆಕ್ಕವಿದ್ದರೆ ನಡುವೆ ನಿಂತು ನೆನಪು ಮಾಡಿಕೊಳ್ಳಲು, ಟೀ ಕುಡಿಯಲು, ಗಂಟಲು ಸರಿಮಾಡಿಕೊಳ್ಳಲು, 'ಇದನ್ನ ಇವತ್ತು ಹಾಡಬಾರದು' ಅನ್ನಲು ಅವರಿಗೆ ಅವಕಾಶವಿರುತ್ತದೆ. ಈ ಕೊನೆಯ ಮಾತನ್ನು ಹೇಳಿದ ದಿನವೂ ದುಡ್ಡು ಪೂರ್ತಿ ಕೊಡಬೇಕು. ಕರೆಂಟ್ ಹೋಗಿ, ಪಕ್ಕದ ಮನೆಯಲ್ಲಿ ಗಿರಣಿ ಶುರುವಾಗಿ ಧ್ವನಿಮುದ್ರಣ ಕೆಟ್ಟರೂ ಪೂರ್ತಿ ಕೊಡಬೇಕು, ಯಾಕೆಂದರೆ ಅವರು ಹೊತ್ತು ಕೊಟ್ಟಾಗಿದೆ.

ಹಿಮ್ಮೇಳದವರಿಗೆ ಬೇರೆ ದರ, ಬೇರೆ ಲಕೋಟೆ, ಅವರವರ ಕೈಗೇ. ಎಲ್ಲವನ್ನೂ ಮುಖ್ಯ ಹಾಡುಗಾರರ ಕೈಗೆ ಕೊಟ್ಟು 'ಹಂಚಿಕೊಳ್ಳಿ' ಅನ್ನುವುದು ಸುಲಭ, ಆದರೆ ಅದರಿಂದ ನೀವು ಒಂದು ಮೇಳದ ಒಳಜಗಳಕ್ಕೆ ಕಾರಣವಾಗುತ್ತೀರಿ. ಮೇಳದಲ್ಲಿ ಹಂಚಿಕೊಳ್ಳುವ ಕ್ರಮ ಮೊದಲೇ ಇದ್ದು, ಅವರೇ 'ನಮ್ಮಲ್ಲಿ ಹೀಗೇ' ಅಂದರೆ ಆ ಕ್ರಮವನ್ನೇ ಅನುಸರಿಸಿ, ಆದರೆ ಒಟ್ಟು ಎಷ್ಟು ಅನ್ನುವುದನ್ನು ಎಲ್ಲರೂ ಕೇಳುವಂತೆ ಹೇಳಿ.

ದುಡ್ಡು ಅದೇ ದಿನ ಕೊಡಿ. ವಿಶ್ವವಿದ್ಯಾಲಯದ ಅನುದಾನ ಬರುವುದು ಆರು ತಿಂಗಳಾಗಬಹುದು, ಅದು ನಿಮ್ಮ ಮತ್ತು ವಿಶ್ವವಿದ್ಯಾಲಯದ ವಿಚಾರ. ಕೈಯಲ್ಲಿ ನಾಲ್ಕು ಬೈಠಕ್ಕಿನ ದುಡ್ಡಿದ್ದರೆ ನಾಲ್ಕೇ ಬೈಠಕ್ಕು ಇಟ್ಟುಕೊಳ್ಳಿ. ರಸೀದಿಗೆ ಒಂದು ಡುಪ್ಲಿಕೇಟ್ ಪುಸ್ತಕ ಸಾಕು. ತಾರೀಖು, ಯಾರಿಗೆ, ಯಾವ ಕೆಲಸಕ್ಕೆ, ಎಷ್ಟು ಹೊತ್ತು, ಎಷ್ಟು ರೂಪಾಯಿ, ಸಹಿ ಅಥವಾ ಹೆಬ್ಬೆಟ್ಟು. ಐದು ಸಾವಿರ ಮೀರಿದ ನಗದಿಗೆ ಒಂದು ರೂಪಾಯಿಯ ರೆವಿನ್ಯೂ ಸ್ಟ್ಯಾಂಪ್ ಹಚ್ಚಿ ಅದರ ಮೇಲೆ ಸಹಿ. ಒಂದು ಪ್ರತಿ ಅವರ ಮನೆಯಲ್ಲಿ ಉಳಿಯಬೇಕು, ಇದನ್ನು ಮರೆಯಬೇಡಿ. ರಸೀದಿ ಅಂದರೆ ಹೆದರುವವರಿದ್ದಾರೆ. ಖಾಲಿ ಹಾಳೆಯ ಮೇಲೆ ಸಹಿ ಹಾಕಿಸಿಕೊಂಡು ಮೋಸಮಾಡಿದವರನ್ನು ಅವರು ನೋಡಿರುತ್ತಾರೆ. ಹಾಗಾಗಿ ಬರೆದದ್ದನ್ನು ಗಟ್ಟಿಯಾಗಿ ಓದಿ, ಮನೆಯಲ್ಲಿ ಓದಲು ಬರುವ ಮಗ, ಮಗಳು, ಸೊಸೆ ಯಾರಿದ್ದರೂ ಅವರ ಕೈಲಿ ಇನ್ನೊಮ್ಮೆ ಓದಿಸಿ, ಆಮೇಲೆ ಸಹಿ ಕೇಳಿ.

ಕೈಗಡ ಕೇಳಿದಾಗ

ಮೂರನೆಯದೋ ನಾಲ್ಕನೆಯದೋ ವಾರದ ಹೊತ್ತಿಗೆ ಕೈಗಡ ಕೇಳುತ್ತಾರೆ. ಇದನ್ನು ನಂಬಿಕೆಯ ಗುರುತು ಅಂತಲೇ ನೋಡಿ. ಹಳ್ಳಿಯಲ್ಲಿ ಗುರುತಿಲ್ಲದವರ ಹತ್ತಿರ ಯಾರೂ ಕೈಗಡ ಕೇಳುವುದಿಲ್ಲ. ಆದರೆ ಇದೇ ಜಾಗದಲ್ಲಿ ಎರಡು ಲೆಕ್ಕಗಳು ಒಂದರೊಳಗೊಂದು ಸೇರಿಹೋಗುತ್ತವೆ. ಹೇಗೆ ಅಂತ ಒಂದು ಲೆಕ್ಕ ಹಾಕಿಯೇ ನೋಡೋಣ. ಅಂಕಿಗಳು ಉದಾಹರಣೆಗೆ ಮಾತ್ರ.

ಒಬ್ಬ ಹಾಡುಗಾರರು, ಇಬ್ಬರು ಹಿಮ್ಮೇಳದವರು. ಒಂದು ಬೈಠಕ್ಕಿಗೆ ಹಾಡುಗಾರರಿಗೆ ₹1,500, ಹಿಮ್ಮೇಳದವರಿಗೆ ತಲಾ ₹800. ಎಂಟು ಬೈಠಕ್ಕು ಅಂದರೆ ಹಾಡುಗಾರರಿಗೆ ₹12,000, ಹಿಮ್ಮೇಳಕ್ಕೆ ₹12,800, ಒಟ್ಟು ₹24,800. ಮೂರು ಬೈಠಕ್ಕು ಮುಗಿದಿದೆ. ಮಗಳ ಕಾಲೇಜು ಫೀಸಿಗೆ ₹7,500 ಬೇಕು ಅಂತ ಹಾಡುಗಾರರು ಕೇಳುತ್ತಾರೆ. ಉಳಿದ ಐದು ಬೈಠಕ್ಕಿನ ದುಡ್ಡೂ ಅಷ್ಟೇ, ಐದು ಹದಿನೈದು ಎಪ್ಪತ್ತೈದು. ಹಾಗಾಗಿ 'ಮುಂಗಡ ಅಂತ ಕೊಟ್ಟುಬಿಡೋಣ, ಕೆಲಸದಲ್ಲಿ ವಜಾ ಮಾಡಿಕೊಳ್ಳೋಣ' ಅನ್ನಿಸುತ್ತದೆ. ಕಾಗದದ ಮೇಲೆ ಎಲ್ಲವೂ ಸರಿ.

ಮುಂದಿನ ವಾರ ಏನಾಗುತ್ತದೆ ನೋಡಿ. ಫೀಸು ಕಟ್ಟಿ ಆಗಿದೆ, ದುಡ್ಡು ಖರ್ಚಾಗಿದೆ. ಹಾಡುಗಾರರು ಮೂರು ಗಂಟೆ ಹಾಡಿ ಬರಿಗೈಯಲ್ಲಿ ಒಳಗೆ ಹೋಗುತ್ತಾರೆ. ಅವರ ಎದುರಿಗೇ ಹಿಮ್ಮೇಳದವರು ಎಂಟೆಂಟು ನೂರು ಎಣಿಸಿಕೊಳ್ಳುತ್ತಾರೆ. ಮನೆಯಾಕೆಗೆ ಆ ದಿನದ ಸಂತೆಗೆ ದುಡ್ಡಿಲ್ಲ. ಆರನೇ ಬೈಠಕ್ಕಿಗೆ ಗಂಟಲು ಕಟ್ಟಿದೆ ಅನ್ನುತ್ತಾರೆ, ಏಳನೆಯದಕ್ಕೆ ಹರಕೆಗೆ ಕರೆ ಬಂದಿದೆ ಅನ್ನುತ್ತಾರೆ. ನಿಮಗೆ ಮೋಸ ಅನ್ನಿಸುತ್ತದೆ, ಅವರಿಗೆ ಬಿಟ್ಟಿ ದುಡಿಮೆ ಅನ್ನಿಸುತ್ತದೆ. ಹಳೆಯ ಜೀತದ ನೆನಪಿರುವ ಮನೆಗಳಲ್ಲಿ, ಸಾಲಕ್ಕೆ ದುಡಿಮೆ ವಜಾ ಮಾಡುವ ಮಾತಿಗೆ ಇರುವ ನೋವು ಹೊರಗಿನವರಿಗೆ ಸುಲಭಕ್ಕೆ ತಿಳಿಯುವುದಿಲ್ಲ. ಈ ಒಂದು ಕಾರಣಕ್ಕಾದರೂ ಕೂಲಿಯಿಂದ ಸಾಲ ಮುರಿದುಕೊಳ್ಳುವುದನ್ನು ಪೂರ್ತಿ ಬಿಟ್ಟುಬಿಡಿ ಅನ್ನುವುದು ನಮ್ಮ ಖಚಿತ ಅಭಿಪ್ರಾಯ.

ಇದರ ಬದಲು ಹೀಗೆ ಮಾಡಿ. ಕೈಗಡ ಕೊಡಬೇಕೋ ಬೇಡವೋ ಅನ್ನುವುದನ್ನು ಕೆಲಸದ ವಿಚಾರ ಪಕ್ಕಕ್ಕಿಟ್ಟು ನಿರ್ಧರಿಸಿ. ವಾಪಸು ಬಾರದಿದ್ದರೂ ನಿಮಗೆ ನಿದ್ದೆ ಕೆಡದಷ್ಟು ಮೊತ್ತ ಯಾವುದೋ ಅಷ್ಟೇ ಕೊಡಿ. 'ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ' ಅನ್ನುವ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಏಳೂವರೆ ಸಾವಿರ ಕೇಳಿದರೆ 'ನನ್ನ ಕೈಯಲ್ಲಿ ಮೂರು ಸಾವಿರ ಆಗುತ್ತೆ ಅಣ್ಣಾ, ಅಷ್ಟು ಕೊಡ್ತೀನಿ' ಅನ್ನಿ. ಅನುದಾನದ ದುಡ್ಡಿನಿಂದ ಕೊಡಬೇಡಿ, ನಿಮ್ಮ ಜೇಬಿನಿಂದ ಕೊಡಿ, ನಿಮ್ಮ ಸ್ವಂತ ಪುಸ್ತಕದಲ್ಲಿ ಬರೆದುಕೊಳ್ಳಿ. ಬೈಠಕ್ಕಿನ ದಿನ ಕೊಡಬೇಡಿ, ಬೇರೆ ದಿನ ಹೋಗಿ ಕೊಡಿ. ಯಾವಾಗ ವಾಪಸು ಅನ್ನುವುದನ್ನು ಅವರೇ ಹೇಳಲಿ: ಅರಿಶಿನ ಮಾರಿದ ಮೇಲೆ, ಸಂಘದ ಸಾಲ ಬಂದ ಮೇಲೆ, ಜಾತ್ರೆ ಕಳೆದ ಮೇಲೆ. ಆ ಹೊತ್ತು ಬಂದಾಗ ಒಮ್ಮೆ ಕೇಳಿ, ಹೆಂಡತಿ ಮಕ್ಕಳ ಎದುರಿಗಲ್ಲ. ಬಂದರೆ ಸಂತೋಷ. ಬರದಿದ್ದರೆ ಎರಡನೇ ಸಲ ಕೇಳಬೇಡಿ, ಎರಡನೇ ಸಲ ಕೊಡಲೂ ಬೇಡಿ. ಈ ನಡುವೆ ಬೈಠಕ್ಕಿನ ಸಾವಿರದೈನೂರು ಒಂದು ರೂಪಾಯಿ ಕಡಿಮೆಯಾಗದೆ ಪ್ರತಿ ಸಲ ಅವರ ಕೈ ಸೇರುತ್ತಿರಬೇಕು.

ಕೊಡಲು ಆಗುವುದೇ ಇಲ್ಲವೆಂದರೆ ಹಾಗೆಂದು ಅವತ್ತೇ ಹೇಳಿ. 'ಮುಂದಿನ ವಾರ ನೋಡೋಣ' ಅಂದರೆ ಅವರು ಬೇರೆ ಕಡೆ ಕೇಳದೆ ನಿಮ್ಮನ್ನೇ ನಂಬಿ ಕೂರುತ್ತಾರೆ, ಫೀಸಿನ ಕೊನೆಯ ದಿನ ದಾಟಿಹೋಗುತ್ತದೆ.

ಮದುವೆ, ಗೃಹಪ್ರವೇಶಗಳ ಮುಯ್ಯಿ ಮೂರನೆಯ ಲೆಕ್ಕ. ಇದರಲ್ಲಿ ಊರಿನ ಮಟ್ಟವನ್ನು ಮೀರಬೇಡಿ. ಊರವರು ಇನ್ನೂರು, ಐನೂರು ಹಾಕುವ ಕಡೆ ನೀವು ಐದು ಸಾವಿರ ಹಾಕಿದರೆ ಅದನ್ನು ತಿರುಗಿ ಹಾಕುವ ಭಾರ ಅವರ ಮೇಲೆ ಬೀಳುತ್ತದೆ. ಮುಯ್ಯಿ ಅನ್ನುವುದು ವಾಪಸು ಹೋಗಲೇಬೇಕಾದ ಕೊಡುಗೆ. ಅವರ ಮನೆಯಲ್ಲಿ ಉಂಡ ಊಟಕ್ಕೆ ದುಡ್ಡು ಕೊಡಲು ಹೋಗಬೇಡಿ. ಮುಂದಿನ ಸಲ ಬಾಳೆಹಣ್ಣು, ಕಾಫಿಪುಡಿ, ಮಕ್ಕಳಿಗೆ ನೋಟ್‌ಬುಕ್ಕು ತಂದರಾಯಿತು.

ಹೇಳುವವರು ತಿದ್ದುವವರಾದಾಗ

ಪರಿಚಯ ಜೊತೆಗೆಲಸವಾಗಿ ಬದಲಾಗುವುದು ಧ್ವನಿಮುದ್ರಣದ ಹೊತ್ತಿನಲ್ಲಿ ಅಲ್ಲ, ಬರೆದದ್ದನ್ನು ಓದಿ ಒಪ್ಪಿಸುವ ಹೊತ್ತಿನಲ್ಲಿ. ನೀವು ರೆಕಾರ್ಡಿಂಗ್ ಕೇಳಿ ಬರೆದುಕೊಂಡು ಬಂದು ಅವರ ಮುಂದೆ ಸಾಲು ಸಾಲಾಗಿ ಓದುತ್ತೀರಿ. ಒಂದು ಕಡೆ ನೀವು 'ಕಂದಾಯ' ಅಂತ ಬರೆದಿದ್ದೀರಿ. ಇಯರ್‌ಫೋನಿನಲ್ಲಿ ಹಾಗೇ ಕೇಳಿಸಿತ್ತು, ವಾಕ್ಯಕ್ಕೂ ಹೊಂದುತ್ತಿತ್ತು, ಯಾರೋ ಕಂದಾಯ ಕೇಳುತ್ತಿದ್ದಾರೆ ಅಂತ ಅಂದುಕೊಂಡಿರಿ. ಹಾಡುಗಾರರು ಕೈ ಎತ್ತಿ ನಿಲ್ಲಿಸುತ್ತಾರೆ. ದೇವರ ಮೂಲೆಗೆ ಹೋಗಿ, ಒರಗಿಸಿಟ್ಟಿದ್ದ ಕಂಡಾಯವನ್ನು ತೋರಿಸುತ್ತಾರೆ. ಅದು ಲೋಹದ್ದು, ವಿಭೂತಿ ಬಳಿದು ಹೂ ಮುಡಿಸಿದ್ದು, ಮೆರವಣಿಗೆಯಲ್ಲಿ ಹೊತ್ತು ಬರುವ ಗುರುವಿನ ಗುರುತು. ದ ಮತ್ತು ಡ ಅಕ್ಷರದ ಅಂತರದಲ್ಲಿ ಕಥೆಯೇ ಬೇರೆಯಾಗಿತ್ತು. ಇನ್ನು ಮುಂದೆ ಅವರು ತಾವಾಗಿಯೇ ತಡೆಯಲು ಶುರುಮಾಡುತ್ತಾರೆ: 'ಇಲ್ಲಿ ಎರಡು ಸಾಲು ಬಿಟ್ಟಿದ್ದೀರಿ', 'ಇದನ್ನು ನಾನು ಆವತ್ತು ತಪ್ಪು ಹಾಡಿದೆ, ನಮ್ಮಪ್ಪ ಹೀಗೆ ಹಾಡುತ್ತಿದ್ದರು'. ಈ ಮಾತು ಬಂದ ದಿನದಿಂದ ಅವರು ಬರೀ ಮಾಹಿತಿ ಕೊಡುವವರಲ್ಲ.

ಹತ್ತು ನಿಮಿಷದ ಹಾಡನ್ನು ಹೀಗೆ ಓದಿ ಒಪ್ಪಿಸಲು ಒಂದು ಗಂಟೆಗೆ ಕಡಿಮೆಯಿಲ್ಲ ಅಂತ ಇಟ್ಟುಕೊಳ್ಳಿ. ಇದು ಹಾಡುವುದಕ್ಕಿಂತ ದಣಿವಿನ ಕೆಲಸ. ಹಾಗಾಗಿ ಇದಕ್ಕೂ ದುಡ್ಡು ಕೊಡಬೇಕು, ಹಾಡಿದ ದರಕ್ಕಿಂತ ಕಡಿಮೆಯಿರಬಾರದು. ಹೆಚ್ಚಿನ ಯೋಜನೆಗಳು ಇಲ್ಲೇ ಎಡವುತ್ತವೆ. ಇದ್ದ ದುಡ್ಡೆಲ್ಲ ಧ್ವನಿಮುದ್ರಣಕ್ಕೆ ಮುಗಿದಿರುತ್ತದೆ, ತಿದ್ದುವ ಕೆಲಸವನ್ನು 'ಸ್ವಲ್ಪ ಬಂದು ಕೂತ್ಕೊಳ್ಳಿ ಅಣ್ಣಾ' ಅಂತ ಸ್ನೇಹದ ಮೇಲೆ ಮಾಡಿಸಿಕೊಳ್ಳುತ್ತಾರೆ. ಸ್ನೇಹ ಬೆಳೆದಿದೆ ಅನ್ನುವ ಕಾರಣಕ್ಕೆ ಕೆಲಸ ಬಿಟ್ಟಿಯಾದರೆ, ಆ ಸ್ನೇಹದಿಂದ ಅವರಿಗೆ ನಷ್ಟವೇ ಆಯಿತು. ಶುರುವಿನಲ್ಲೇ ಇರುವ ದುಡ್ಡನ್ನು ಎರಡು ಪಾಲು ಮಾಡಿ ಒಂದನ್ನು ತಿದ್ದುವ ಕೆಲಸಕ್ಕೆ ಎತ್ತಿಡಿ. ಅದರಿಂದ ಎಂಟರ ಬದಲು ಐದೇ ಬೈಠಕ್ಕು ಆದರೂ ಚಿಂತೆಯಿಲ್ಲ.

ಪುಸ್ತಕ, ಯೂಟ್ಯೂಬ್, ಹೆಸರು

ಜೊತೆಗೆಲಸ ಅಂದ ಮೇಲೆ ಹಕ್ಕಿನ ಮಾತು ಬರಲೇಬೇಕು. ಕಾವ್ಯ ಪರಂಪರೆಯದ್ದು, ಆದರೆ ಆ ಹಾಡಿಕೆ ಅವರದ್ದು. 1957ರ ಕೃತಿಸ್ವಾಮ್ಯ ಕಾಯ್ದೆಯ 38ನೇ ಸೆಕ್ಷನ್ ಪ್ರದರ್ಶಕರ ಹಕ್ಕನ್ನು ಗುರುತಿಸುತ್ತದೆ, ಅದರ ಅವಧಿ 50 ವರ್ಷ. ಸ್ವಂತ ಬಳಕೆಗೆ, ಅಥವಾ ನಿಜವಾದ ಬೋಧನೆ ಸಂಶೋಧನೆಗಷ್ಟೇ ಮಾಡಿಕೊಂಡ ಧ್ವನಿಮುದ್ರಣಕ್ಕೆ ಕಾಯ್ದೆಯಲ್ಲಿ ವಿನಾಯಿತಿ ಇದೆ. ಅದನ್ನೇ ಚಾನೆಲ್ಲಿಗೆ ಹಾಕಿದರೆ, ಪುಸ್ತಕದ ಜೊತೆ ಮಾರಿದರೆ ಆ ವಿನಾಯಿತಿ ನಿಮ್ಮನ್ನು ಕಾಯುವುದಿಲ್ಲ. ಹಕ್ಕು ಬರೆದುಕೊಡುವುದು ಬಾಯಿಮಾತಿನಲ್ಲಿ ಆಗುವುದಿಲ್ಲ, ಬರಹದಲ್ಲಿರಬೇಕು, ಕೊಡುವವರ ಸಹಿ ಇರಬೇಕು. ಎಷ್ಟು ಕಾಲ ಅಂತ ಬರೆಯದಿದ್ದರೆ ಐದು ವರ್ಷ ಅಂತಲೇ ಲೆಕ್ಕ. ಈ ಪ್ರದರ್ಶಕರ ಹಕ್ಕು ಮುಖ್ಯವಾಗಿ ಧ್ವನಿ ಮತ್ತು ದೃಶ್ಯದ ಮುದ್ರಣಕ್ಕೆ ಸೇರಿದ್ದು. ಅಚ್ಚಾದ ಪಠ್ಯಕ್ಕೆ ಅದೊಂದನ್ನೇ ನೆಚ್ಚಿಕೊಳ್ಳಲಾಗದು, ಹಾಗಾಗಿ ಪುಸ್ತಕದ ವಿಚಾರವನ್ನು ಒಪ್ಪಂದದಲ್ಲೇ ಬಿಡಿಸಿ ಬರೆಯಬೇಕು.

ಒಪ್ಪಂದ ಒಂದು ಪುಟ ಸಾಕು, ವಕೀಲರ ಭಾಷೆ ಬೇಡ. ಹೀಗಿರಬಹುದು:

'ನಾನು ಹಾಡಿದ ಸಿದ್ಧಪ್ಪಾಜಿ ಸಾಲನ್ನು ಇವರು ಇಂತಿಂಥ ತಾರೀಖುಗಳಲ್ಲಿ ರೆಕಾರ್ಡ್ ಮಾಡಿಕೊಂಡಿದ್ದಾರೆ. ಹಾಡಿದ ದುಡ್ಡು, ತಿದ್ದಿದ ದುಡ್ಡು ನನಗೆ ಪೂರ್ತಿ ಸಂದಿದೆ. ಇದನ್ನು ಪುಸ್ತಕ ಮಾಡಲು ಏಳು ವರ್ಷಕ್ಕೆ ಒಪ್ಪಿದ್ದೇನೆ. ಪುಸ್ತಕದ ಮೇಲೆ ಹಾಡಿದವರು ಅಂತ ನನ್ನ ಹೆಸರು, ಹಿಮ್ಮೇಳದವರ ಹೆಸರು ಇರಬೇಕು. ಗೌರವಧನ ಬಂದರೆ ಅರ್ಧ ನಮ್ಮ ಮೇಳಕ್ಕೆ. ರೆಕಾರ್ಡನ್ನು ಯೂಟ್ಯೂಬಿಗೆ, ಸಿನಿಮಾಕ್ಕೆ, ಬೇರೆಯವರಿಗೆ ಕೊಡುವ ಮೊದಲು ನನ್ನನ್ನು, ನಾನಿಲ್ಲದಿದ್ದರೆ ನನ್ನ ಮಗಳನ್ನು ಕೇಳಬೇಕು. ಇದರಲ್ಲಿ ಯಾವ ಭಾಗ ಅಚ್ಚಾಗಬಾರದು ಅಂತ ನಾನು ಹೇಳಿದ್ದೇನೋ ಅದನ್ನು ಬಿಡಬೇಕು.'

ಈ ಹಾಳೆಯನ್ನು ಓದಿ, ಒಂದು ವಾರ ಅವರ ಮನೆಯಲ್ಲೇ ಬಿಟ್ಟು ಬನ್ನಿ. ಮಕ್ಕಳು ಓದುತ್ತಾರೆ, ಮೇಳದವರು ಮಾತಾಡಿಕೊಳ್ಳುತ್ತಾರೆ. ವಾರ ಕಳೆದು ಒಂದಾದರೂ ತಿದ್ದುಪಡಿ ಬಂದರೆ ಅವರು ನಿಜವಾಗಿ ಓದಿದ್ದಾರೆ ಅಂತ ತಿಳಿಯಬಹುದು.

ಗೌರವಧನದ ಬಗ್ಗೆ ದೊಡ್ಡ ಆಸೆ ಹುಟ್ಟಿಸಬೇಡಿ, ಲೆಕ್ಕವನ್ನೇ ಅವರ ಮುಂದಿಡಿ. ₹300 ಬೆಲೆಯ ಪುಸ್ತಕ, 500 ಪ್ರತಿ, ನೂರಕ್ಕೆ ಹತ್ತು ಗೌರವಧನ ಅಂದರೆ ಎಲ್ಲ ಪ್ರತಿ ಮಾರಾಟವಾದರೆ ₹15,000. ಅರ್ಧ ಮೇಳಕ್ಕೆ ಅಂದರೆ ₹7,500. ಎಲ್ಲ ಪ್ರತಿ ಮಾರಾಟವಾಗಲು ವರ್ಷಗಳೇ ಹಿಡಿಯಬಹುದು. ಸಂಪಾದಕರಿಗೆ ಸರ್ಕಾರಿ ಸಂಬಳವಿದ್ದರೆ ಪೂರ್ತಿ ಹದಿನೈದು ಸಾವಿರವನ್ನೂ ಮೇಳಕ್ಕೇ ಬಿಡುವುದು ಒಳ್ಳೆಯದು. ಜೊತೆಗೆ ಇಪ್ಪತ್ತೈದು ಪ್ರತಿ ಹಾಡುಗಾರರ ಮನೆ ಸೇರಲಿ. ಅವರು ಶಿಷ್ಯರಿಗೆ ಕೊಡಲಿ, ಜಾತ್ರೆಯಲ್ಲಿ ಮಾರಿಕೊಳ್ಳಲಿ, ಅದು ಅವರಿಗೆ ಬಿಟ್ಟದ್ದು. ಆದರೆ ಪುಸ್ತಕದ ಪ್ರತಿಯನ್ನು ಕೂಲಿಯ ಬದಲಿಗೆ ಕೊಡಬಾರದು.

ರೆಕಾರ್ಡಿಂಗಿನ ಪ್ರತಿಯೂ ಅವರಿಗೆ ಸೇರಬೇಕು. ಪೆನ್‌ಡ್ರೈವಿನಲ್ಲಿ ಒಂದು, ಮನೆಯ ಹುಡುಗರ ಮೊಬೈಲಿನಲ್ಲಿ ಎಂಪಿ3 ಆಗಿ ಒಂದು. ಮೊದಲ ಬೈಠಕ್ಕಿನ ಪ್ರತಿಯನ್ನು ಎರಡನೆಯದಕ್ಕೇ ತಲುಪಿಸಿ, ಎಲ್ಲ ಮುಗಿಯಲಿ ಅಂತ ಕಾಯಬೇಡಿ.

ಲೆಕ್ಕ ಮುಚ್ಚುವ ದಿನ

ಕೆಲಸ ಮುಗಿದಾಗ ಅದು ಮುಗಿಯಿತು ಅಂತ ಹೇಳುವ ಒಂದು ದಿನ ಬೇಕು. ಎಲ್ಲ ರಸೀದಿಗಳನ್ನು ಒಟ್ಟು ಮಾಡಿ ಒಂದು ಹಾಳೆಯಲ್ಲಿ ಬರೆದು ಓದಿ: ಇಷ್ಟು ಬೈಠಕ್ಕು, ಇಷ್ಟು ತಿದ್ದುವ ದಿನ, ಇಷ್ಟು ರೂಪಾಯಿ, ಬಾಕಿ ಏನೂ ಇಲ್ಲ. ಕೈಗಡ ಆ ಹಾಳೆಯಲ್ಲಿ ಬರಬಾರದು. ಮೇಳದವರೆಲ್ಲ ಇದ್ದಾಗ ಓದಿದರೆ ಆಮೇಲೆ ಯಾರ ಮನಸ್ಸಿನಲ್ಲೂ ಅನುಮಾನ ಉಳಿಯುವುದಿಲ್ಲ. ಹೀಗೆ ಮುಚ್ಚದೆ 'ಬರ್ತಾ ಇರ್ತೀನಿ' ಅಂತ ಹೊರಟುಬಿಟ್ಟರೆ, ಇನ್ನೂ ಏನೋ ಬರಬೇಕಿದೆ ಅಂತ ಆ ಮನೆ ಕಾಯುತ್ತದೆ. ನೀವು ಸ್ನೇಹದಿಂದ ಫೋನ್ ಮಾಡಿದರೂ ಅವರಿಗೆ ಮೊದಲು ನೆನಪಾಗುವುದು ಆ ಬಾಕಿ.

ಸ್ನೇಹ ಆಗಿದೆಯೋ ಇಲ್ಲವೋ ಗೊತ್ತಾಗುವುದು ಈ ದಿನ ಕಳೆದ ಮೇಲೆ. ರೆಕಾರ್ಡರ್ ಇಲ್ಲದೆ ಒಮ್ಮೆ ಹೋಗಿ ಬನ್ನಿ. ಮಾತು ಕಾವ್ಯದ ಕಡೆಗೆ ಹೊರಳಿ, ಹಿಂದೆಂದೂ ಹಾಡದ ಒಂದು ತುಣುಕನ್ನು ಅವರು ಗುನುಗಿದರೆ ಮೊಬೈಲ್ ತೆಗೆಯಬೇಡಿ. ಅದು ಬೇಕೇ ಬೇಕು ಅನ್ನಿಸಿದರೆ ಆಮೇಲೆ ಕೇಳಿ, ಬೇರೆ ದಿನ ಗೊತ್ತುಮಾಡಿ, ಆ ದಿನಕ್ಕೆ ಬೈಠಕ್ಕಿನ ದರ ಕೊಡಿ. ಮಾಸಾಶನದ ಅರ್ಜಿ ತುಂಬಿಕೊಡುವುದು, ಕಾರ್ಯಕ್ರಮಗಳ ಫೋಟೋ, ಪ್ರಮಾಣಪತ್ರ ಹುಡುಕಿ ಜೋಡಿಸಿಕೊಡುವುದು, ಆಸ್ಪತ್ರೆಗೆ ಜೊತೆಗೆ ಹೋಗುವುದು, ಇವು ಸ್ನೇಹಿತರು ಮಾಡುವ ಕೆಲಸ. ಅವನ್ನು ಮಾಡಿದ್ದನ್ನು ಮುಂದಿನ ಧ್ವನಿಮುದ್ರಣದ ದರ ಮಾತಾಡುವಾಗ ಎತ್ತಬೇಡಿ. ಅವರೇ 'ನೀವು ಇಷ್ಟೆಲ್ಲ ಮಾಡಿದ್ದೀರಿ, ನಿಮ್ಮತ್ರ ದುಡ್ಡು ಇಸ್ಕೊಳ್ಳೋದಾ' ಅನ್ನುತ್ತಾರೆ. 'ಅದು ಮನೆ ವಿಚಾರ, ಇದು ಕೆಲಸ. ಹಿಮ್ಮೇಳದವರೂ ಬರಬೇಕಲ್ಲ ಅಣ್ಣಾ' ಅಂತ ಹೇಳಿ ಲಕೋಟೆಯನ್ನು ಅವರ ಕೈಯಲ್ಲಿಟ್ಟು, ರಸೀದಿ ಪುಸ್ತಕದಲ್ಲಿ ಹೊಸ ಹಾಳೆ ತೆಗೆಯಿರಿ.